20 ಲೀಟರ್ ನೀರಿನ ಕ್ಯಾನ್: ಬಹಳ ದಿನ ತರಿಸಿಕೊಂಡವರ ವಿಮರ್ಶೆ (ದಾವಣಗೆರೆ)

ಮನೆ ಬಾಗಿಲಿಗೆ ಬರುವ ಕ್ಯಾನ್ ಸೇವೆಗೆ ಐದಕ್ಕೆ ಮೂರು. ಫೋನ್ ಮಾಡಿದರೆ ಬರುತ್ತಾರೆ, ಮಹಡಿಗೂ ಹೊತ್ತು ತರುತ್ತಾರೆ. ಆದರೆ ಈ ವಾರ ಬಂದ ನೀರೇ ಮುಂದಿನ ವಾರವೂ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಜಾರ್ ಊರೆಲ್ಲ ಸುತ್ತುವ ವಸ್ತು. ಒಬ್ಬರ ಲೇಬಲ್ ಇರುವ ಜಾರ್‌ಗೆ ಇನ್ನೊಬ್ಬರು ನೀರು ತುಂಬುವುದು ಕಷ್ಟವೇನಲ್ಲ. ಹಾಗಾಗಿ ಮೈಮೇಲಿನ ಲೇಬಲ್ ಒಂದನ್ನೇ ನಂಬದೆ ಮುಚ್ಚಳ ಮತ್ತು ಸೀಲ್ ಜೊತೆ ತಾಳೆ ನೋಡಿ. ಲೇಬಲ್‌ನಲ್ಲಿ ಒಂದು ಹೆಸರು, ಮುಚ್ಚಳದಲ್ಲಿ ಇನ್ನೊಂದು ಅಥವಾ ಏನೂ ಇಲ್ಲದ ನೀಲಿ ಪ್ಲಾಸ್ಟಿಕ್ ಇದ್ದರೆ ವಾಪಸ್ ಕಳಿಸಿ. ತುಂಬಿದ ದಿನಾಂಕ, ಬ್ಯಾಚ್ ನಂಬರ್ ಪ್ರತಿ ಸಲ ಹೊಸದಾಗಿರಬೇಕು. ಸವೆದ ಹಳೇ ಸ್ಟಿಕ್ಕರ್ ಮೇಲಿನ ದಿನಾಂಕಕ್ಕೆ ಬೆಲೆಯಿಲ್ಲ.

ಐಎಸ್‌ಐ ಗುರುತು ಇದ್ದರೆ ಅದರ ಮೇಲೆ ಪ್ಯಾಕೇಜ್ಡ್ ಕುಡಿಯುವ ನೀರಿನ ಮಾನದಂಡದ ಸಂಖ್ಯೆ IS 14543, ಕೆಳಗೆ CM/L ಮತ್ತು ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು BIS Care ಆ್ಯಪ್‌ನ Verify Licence Details ನಲ್ಲಿ ಹಾಕಿ. ಕಂಪನಿ ಹೆಸರು ಸರಿಯಿದ್ದರೆ ಸಾಲದು. ಘಟಕದ ವಿಳಾಸವೂ ಲೇಬಲ್‌ನಂತೆಯೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಗುರುತು ನಿಜವಾಗಿದ್ದು ವಿಳಾಸ ಬೇರೆ ಊರಿನದಾದರೆ ನಂಬರನ್ನು ಬೇರೆಯವರದ್ದು ಎತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಆಹಾರ ಸುರಕ್ಷತಾ ಪ್ರಾಧಿಕಾರ FSSAI ನ 14 ಅಂಕಿಯ ಸಂಖ್ಯೆಯನ್ನೂ ನೋಡಿ: 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಬರೀ ನೋಂದಣಿ. ನೋಂದಣಿ ಮಾರುವವನದ್ದಾಗಿರಬಹುದು, ನಿಮಗೆ ಬೇಕಾದದ್ದು ತುಂಬುವ ಘಟಕದ್ದು.

ಎಲ್ಲರೂ ‘ಮಿನರಲ್ ವಾಟರ್’ ಅನ್ನುತ್ತಾರೆ. ನಿಜವಾದ ನೈಸರ್ಗಿಕ ಮಿನರಲ್ ನೀರಿನ ಮಾನದಂಡ ಬೇರೆ, IS 13428. ಅದಕ್ಕೆ ಮೂಲದ ಹೆಸರು ಬೇಕು. ನಮ್ಮ ಕ್ಯಾನ್ ಸಾಮಾನ್ಯವಾಗಿ ಬೋರ್‌ವೆಲ್ ನೀರನ್ನು ಆರ್‌ಒ ಮಾಡಿದ್ದು. ಅದೇನೂ ತಪ್ಪಲ್ಲ. ಆದರೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇರುವುದರಿಂದ ಬೋರ್ ಎಲ್ಲಿಯದು ಎಂದು ಕೇಳಲೇಬೇಕು. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಲ್ಯಾಬ್ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ದಾಟಿರಬಾರದು. ವರದಿ ಕೇಳಿದಾಗ ‘ಎಲ್ರೂ ಇದನ್ನೇ ಕುಡೀತಾರೆ ಸಾರ್’ ಅನ್ನುವವನಿಂದ ತರಿಸಬೇಡಿ.

ಹಾಗಂತ ಮೀಟರ್ ದಂಡವಲ್ಲ. ಅದು ಏರುಪೇರನ್ನು ಹಿಡಿಯುತ್ತದೆ. ಪ್ರತಿ ಕ್ಯಾನ್ ತೆರೆದಾಗ ಒಂದು ಲೋಟಕ್ಕೆ ಅದ್ದಿ ಬರೆದಿಡಿ. ಎಂಬತ್ತರ ಆಸುಪಾಸಿನಲ್ಲಿದ್ದದ್ದು ಒಮ್ಮೆಲೇ ಐನೂರು ದಾಟಿದರೆ ಆರ್‌ಒ ಯಂತ್ರದ ಮೆಂಬ್ರೇನ್ ಕೆಟ್ಟಿದೆ, ಇಲ್ಲವೇ ಆರ್‌ಒ ಬದಿಗಿಟ್ಟು ನೇರ ಬೋರ್ ನೀರು ತುಂಬಿದ್ದಾರೆ.

ಜಾರ್ ಒಳಗಿನ ಮೂಲೆಗಳಲ್ಲಿ ಹಸಿರು ಪಾಚಿ, ಮೈತುಂಬ ಗೀರು, ತೆರೆದ ಕೂಡಲೇ ಮಣ್ಣಿನ ವಾಸನೆ ಇದ್ದರೆ ಅದನ್ನು ಬಿಸಿಲಲ್ಲಿ ಇಟ್ಟಿದ್ದಾರೆ, ಸರಿಯಾಗಿ ತೊಳೆದಿಲ್ಲ. ಮದುವೆಗೆ ಬರುವ ತಣ್ಣೀರಿನ ಜಗ್‌ಗಳಲ್ಲಿ ಸೀಲ್, ದಿನಾಂಕ, ನಂಬರ್ ಏನೂ ಇರದಿದ್ದರೆ ಅದು ಪ್ಯಾಕೇಜ್ಡ್ ನೀರೇ ಅಲ್ಲ, ಬಿಡಿ ನೀರು. ನೀರಿನ ಬಗ್ಗೆ ದೂರು ಕೊಡುವುದಿದ್ದರೆ ಮುಚ್ಚಳ ಎಸೆಯಬೇಡಿ. ಬ್ಯಾಚ್ ನಂಬರ್ ಇರುವುದು ಹೆಚ್ಚಾಗಿ ಅದರ ಮೇಲೋ ಸೀಲ್ ಮೇಲೋ.