ಪ್ರವಾಸದ ಚೀಟಿಯಿಂದ ದಿನವಾರು ಪಟ್ಟಿಗೆ: ಗೂಗಲ್ ಶೀಟ್ಸ್ ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಪ್ರವಾಸ ಶುರುವಾಗೋದು ವಾಟ್ಸಾಪ್ ಗ್ರೂಪ್‌ನಲ್ಲಿ. ಹೋದ ಸಲದ್ದು ಹೀಗಿತ್ತು: "ಹಂಪಿ 2 ದಿನ, ಬಾದಾಮಿ, ಪಟ್ಟದಕಲ್ಲು, ಸಾಧ್ಯ ಆದ್ರೆ ಐಹೊಳೆ, ಮ್ಯೂಸಿಯಂ ಬಿಡಬಾರದು, ರೈಲು ನೋಡು, ಅಮ್ಮನ ಊಟ ಒಂದು ಗಂಟೆಗೆ." ಬರೆದದ್ದು ತಮ್ಮ. ಈ ಚೀಟಿಯನ್ನು ದಿನ, ಹೊತ್ತು, ಜಾಗ, ಬುಕಿಂಗ್ ಎಂದು ಸಾಲಾಗಿ ಕೂರಿಸುವ ಕೆಲಸ ನನ್ನದು. ಪ್ರವಾಸಕ್ಕೆಂದೇ ಮಾಡಿದ ಒಂದೆರಡು ಆ್ಯಪ್ ನೋಡಿದೆ. ಕೊನೆಗೆ ಗೂಗಲ್ ಶೀಟ್ಸ್‌ನಲ್ಲೇ ಉಳಿದೆ. ಕಾರಣ ಒಂದೇ. ಒಂದು ಕಡೆ ಹೊತ್ತು ಬದಲಾದರೆ ಕೆಳಗಿನ ಎಲ್ಲ ಹೊತ್ತೂ ತಾನಾಗಿ ಸರಿಯುತ್ತದೆ.

ನನ್ನ ಕಾಲಂಗಳು ನಾಲ್ಕು ವರ್ಷದಿಂದ ಇದೇ ಕ್ರಮದಲ್ಲಿವೆ: ದಿನಾಂಕ, ತಲುಪುವ ಹೊತ್ತು, ಅಲ್ಲಿ ಎಷ್ಟು ನಿಮಿಷ, ಹೊರಡುವ ಹೊತ್ತು, ಮುಂದಿನ ದಾರಿಗೆ ಎಷ್ಟು ನಿಮಿಷ, ಜಾಗ, ಬುಕಿಂಗ್. ಸೂತ್ರ ಎರಡೇ. ಮೊದಲನೆಯದು D2ರಲ್ಲಿ, ಎರಡನೆಯದು B3ರಲ್ಲಿ:

```
=B2+C2/1440
=D2+E2/1440
```

ಒಂದು ದಿನಕ್ಕೆ 1440 ನಿಮಿಷ. ಶೀಟ್ ಹೊತ್ತನ್ನು ದಿನದ ಭಾಗವಾಗಿ ಲೆಕ್ಕ ಹಾಕುವುದರಿಂದ ನಿಮಿಷವನ್ನು ಹಾಗೆ ಭಾಗಿಸಬೇಕು. ಪ್ರತಿ ದಿನದ ಮೊದಲ ಸಾಲಿನ ಹೊತ್ತನ್ನು ಮಾತ್ರ ಕೈಯಲ್ಲಿ ಬರೆಯುತ್ತೇನೆ.

ಮೊದಮೊದಲು ನಾನು ಮಾಡುತ್ತಿದ್ದ ತಪ್ಪು ಎಂದರೆ, ಚೀಟಿಯಲ್ಲಿದ್ದ ಕ್ರಮದಲ್ಲೇ ಜಾಗಗಳನ್ನು ತುಂಬುತ್ತಾ ಹೋಗುವುದು. ಈಗ ಮೊದಲು ಅಲ್ಲಾಡದ ಸಾಲುಗಳನ್ನು ಕೂರಿಸುತ್ತೇನೆ, ಹಳದಿ ಬಣ್ಣ ಹಚ್ಚಿ. ರೈಲು, ರಜೆಯ ದಿನ, ಟಿಕೆಟ್‌ನ ನಿಯಮ, ಅಮ್ಮನ ಊಟ. ಉಳಿದದ್ದೆಲ್ಲ ಇವುಗಳ ಮಧ್ಯೆ ಸಿಕ್ಕ ಜಾಗದಲ್ಲಿ ಕೂರಬೇಕು.

ಹಂಪಿಯ ಪಟ್ಟಿಯನ್ನೇ ನೋಡಿ. ಗುರುವಾರ ರಾತ್ರಿ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್, ಶುಕ್ರವಾರ ಬೆಳಿಗ್ಗೆ ಹೊಸಪೇಟೆ. ದಿನಾಂಕದ ವಾರ ತೋರಿಸಲು ಪಟ್ಟಿಯ ಹೊರಗಿನ ಒಂದು ಸೆಲ್‌ನಲ್ಲಿ `=TEXT(A2,"dddd")` ಹಾಕಿಟ್ಟಿದ್ದೇನೆ. ಅದು ಶುಕ್ರವಾರ ಎಂದು ತೋರಿಸಿದ ಕೂಡಲೇ ಒಂದು ತೊಡಕು ಕಂಡಿತು. ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಸರಿ, ಮ್ಯೂಸಿಯಂ ಒಂದನ್ನೇ ಶನಿವಾರಕ್ಕೆ ಹಾಕಿದರೆ ಮುಗಿಯಿತಲ್ವಾ? ಇಲ್ಲ. ವಿಜಯ ವಿಠ್ಠಲ ದೇವಸ್ಥಾನಕ್ಕೆ ತೆಗೆದುಕೊಂಡ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಮ್ಯೂಸಿಯಂಗೂ ನಡೆಯುತ್ತದೆ, ಮರುದಿನಕ್ಕೆ ನಡೆಯುವುದಿಲ್ಲ. ಹಾಗಾಗಿ ಮೂರನ್ನೂ ಒಟ್ಟಿಗೆ ಶನಿವಾರಕ್ಕೆ ಎತ್ತಿದೆ. ಶುಕ್ರವಾರಕ್ಕೆ ವಿರೂಪಾಕ್ಷ, ನದಿ ದಂಡೆ, ಸಂಜೆ ಹೇಮಕೂಟ ಉಳಿದವು. ರಾತ್ರಿ ರೈಲಿನಲ್ಲಿ ಬಂದ ದಿನಕ್ಕೆ ಅಷ್ಟೇ ಸಾಕಿತ್ತು ಕೂಡ.

ಭಾನುವಾರದ ಸಾಲುಗಳು ಇನ್ನೂ ಚೆನ್ನಾಗಿ ಪಾಠ ಕಲಿಸಿದವು. ಚೀಟಿಯಲ್ಲಿ ಬಾದಾಮಿ ಮೊದಲು, ಐಹೊಳೆ ಕೊನೆಗೆ, ಅದೂ "ಸಾಧ್ಯ ಆದ್ರೆ". ನಕ್ಷೆಯಲ್ಲಿ ನೋಡಿದರೆ ಹಂಪಿ ಕಡೆಯಿಂದ ಕುಷ್ಟಗಿ, ಇಳಕಲ್ ದಾರಿಯಲ್ಲಿ ಹೋಗುವವರಿಗೆ ಐಹೊಳೆಯೇ ಮೊದಲು ಸಿಗುತ್ತದೆ. ಅಲ್ಲಿಂದ ಪಟ್ಟದಕಲ್ಲು ಸುಮಾರು 14 ಕಿ.ಮೀ., ಮತ್ತೆ ಬಾದಾಮಿ 22 ಕಿ.ಮೀ. ಬಾದಾಮಿಗೆ ಮೊದಲು ಹೋಗಿದ್ದರೆ ಅದೇ ರಸ್ತೆಯಲ್ಲಿ ಸುಮ್ನೆ ಎರಡು ಸಲ ಓಡಾಡಬೇಕಿತ್ತು.

ಹೊಸಪೇಟೆಯಿಂದ 7:30ಕ್ಕೆ ಹೊರಡುವುದು. ನಕ್ಷೆ ಮೂರು ಗಂಟೆ ಎಂದಿತು, ನಾನು 210 ನಿಮಿಷ ಬರೆದೆ. ಚಹಾ, ಡೀಸೆಲ್, ಅಮ್ಮ ಕಾರಿನಿಂದ ಇಳಿದು ಹತ್ತುವುದು, ಎಲ್ಲ ಸೇರಿ. ಐಹೊಳೆ 11:00. ದುರ್ಗ ಗುಡಿಯ ಆವರಣ, ಲಾಡ್ ಖಾನ್ ನೋಡಲು 90 ನಿಮಿಷ. ಪಟ್ಟದಕಲ್ಲು 1:00. ಅಲ್ಲಿ 90 ನಿಮಿಷ ಇದ್ದು ಹೊರಟರೆ ಬಾದಾಮಿ 3:10. ಊಟದ ಸಾಲನ್ನು ನಾನು ಬಾದಾಮಿಯ ಹೋಟೆಲಿಗೆ ಬರೆದಿದ್ದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮೂರು ಗಂಟೆವರೆಗೆ ಖಾಲಿ ಹೊಟ್ಟೆಯಲ್ಲಿ ಇರಿಸುವ ಹಾಗಿಲ್ಲ. ಚೀಟಿಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶೀಟ್‌ನಲ್ಲಿ ಹಳದಿ ಸಾಲಿನ 1:00 ಮತ್ತು ಕೆಳಗಿನ 3:10 ಎದುರುಬದುರು ನಿಂತವು. ಹೊಸಪೇಟೆಯಲ್ಲೇ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಕಟ್ಟಿಸಿಕೊಂಡೆವು. ಪಟ್ಟದಕಲ್ಲಿನ ಹೊರಗೆ ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಗಂಟೆ 1:10. ಅರ್ಧ ಗಂಟೆ ಊಟಕ್ಕೆ ಹೋದರೂ ನಾಲ್ಕರ ಒಳಗೆ ಬಾದಾಮಿಯಲ್ಲಿದ್ದೆವು. ಸಂಜೆ ಬಿಸಿಲು ಬೀಳುವ ಹೊತ್ತಿಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಭೂತನಾಥ ಗುಡಿಯ ಎದುರು ಕೂತಿದ್ದೆವು.

ಬುಕಿಂಗ್ ಕಾಲಂಗೂ ಒಂದು ಕ್ರಮ ಇದೆ. ಮೊದಲು ರೈಲು, ಆಮೇಲೆ ರೂಮು, ಕಡೆಗೆ ಕಾರು. ರೈಲಿನ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮುಂಚೆ ತೆರೆಯುತ್ತದೆ, ಅದಕ್ಕೂ ಮೊದಲು 120 ದಿನ ಇತ್ತು. `=A2-60` ಎಂದರೆ ಯಾವ ದಿನ ಬೆಳಿಗ್ಗೆ ಕೂರಬೇಕೆಂದು ಗೊತ್ತಾಗುತ್ತದೆ. ರೈಲು ಖಚಿತವಾಗದೆ ರೂಮಿಗೆ ಮುಂಗಡ ಕಟ್ಟುವುದಿಲ್ಲ. ಕಟ್ಟಿದ್ದು, ಬಾಕಿ, ಯಾವ ದಿನದವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್, ಇಷ್ಟನ್ನೂ ಅಲ್ಲೇ ಬರೆಯುತ್ತೇನೆ.

ನಡುರಾತ್ರಿಯ ರೈಲಿಗೆ ಮಾತ್ರ ಜಾಸ್ತಿ ಎಚ್ಚರ ಬೇಕು. 2022ರಲ್ಲಿ ಹುಬ್ಬಳ್ಳಿಯಿಂದ "ಸೋಮವಾರ ರಾತ್ರಿ" 12:20ರ ರೈಲು ಎಂದುಕೊಂಡು ಸೋಮವಾರದ ತಾರೀಖಿಗೇ ಟಿಕೆಟ್ ಮಾಡಿಸಿದ್ದೆ. ಆ ರೈಲು ಹೊರಡುವುದು ಭಾನುವಾರ ಮಲಗಿದ ಮೇಲೆ, ನಾವು ನಿಲ್ದಾಣಕ್ಕೆ ಹೋಗುವ 24 ಗಂಟೆ ಮುಂಚೆ. ನಮ್ಮ ಬರ್ತ್‌ನಲ್ಲಿ ಬೇರೆಯವರು ಮಲಗಿದ್ದರು. ಅಮ್ಮ ಬೆಳಗಿನವರೆಗೂ ಬೆಂಚಿನ ಮೇಲೆ ಕೂತಿದ್ದಳು. ಅಂದಿನಿಂದ ರಾತ್ರಿ 12 ದಾಟಿದ ಯಾವ ಸಾಲನ್ನೂ ಹಿಂದಿನ ದಿನದ ಕೆಳಗೆ ಬಿಡುವುದಿಲ್ಲ. ಹೊಸ ದಿನಾಂಕ ಹಾಕಿ ಹೊಸ ದಿನದ ಮೊದಲ ಸಾಲು ಮಾಡುತ್ತೇನೆ.

ಶೀಟ್‌ಗೆ ಮಿತಿಗಳೂ ಇವೆ. ಸಾಲನ್ನು ಎಳೆದು ಮೇಲೆ ಕೆಳಗೆ ಮಾಡಿದರೆ ಸೂತ್ರವೂ ಹಳೆಯ ಸಾಲನ್ನೇ ಹಿಡಿದುಕೊಂಡು ಬರುತ್ತದೆ, ಸರಪಳಿ ಗೋಜಲಾಗುತ್ತದೆ. ಎಕ್ಸೆಲ್‌ನಲ್ಲೂ ಹೀಗೇ. ಕೆಳಗಿನ ಜಾಗದ ಹೊತ್ತು ಮೇಲಿನದಕ್ಕಿಂತ ಮುಂಚೆ ಬಂದಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಆ ದಿನದ ಸೂತ್ರಗಳನ್ನು ಮೇಲಿನಿಂದ ಮತ್ತೊಮ್ಮೆ ಕೆಳಕ್ಕೆ ಎಳೆದರೆ ಸರಿಹೋಗುತ್ತದೆ. ಇನ್ನು ದಿನಾಂಕ. ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅಮೆರಿಕ ಎಂದಿದ್ದರೆ 5/12 ಎಂದು ಬರೆದದ್ದು ಮೇ 12 ಆಗುತ್ತದೆ. ಮೊದಲೇ ಭಾರತ ಎಂದು ಬದಲಿಸಿಕೊಳ್ಳಿ. ದಾರಿಯ ನಿಮಿಷ ಶೀಟ್‌ಗೆ ಗೊತ್ತಿಲ್ಲ, ರೈಲು ತಡವಾದದ್ದೂ ಗೊತ್ತಿಲ್ಲ. ಎರಡನ್ನೂ ನಾವೇ ನೋಡಿ ತುಂಬಬೇಕು.

ಸಣ್ಣ ಫೋನಿನಲ್ಲಿ ಏಳು ಕಾಲಂ ಓದುವುದು ಕಷ್ಟ. ಅದಕ್ಕೆ ಹೊರಡುವ ಹಿಂದಿನ ದಿನ ಪಿಡಿಎಫ್ ಮಾಡಿ ಗ್ರೂಪ್‌ಗೆ ಹಾಕುತ್ತೇನೆ. ಡ್ರೈವರ್ ಅಣ್ಣನಿಗೆ ಬೆಳಿಗ್ಗೆ ಎಷ್ಟಕ್ಕೆ ಬರಬೇಕು, ಊಟ ಎಲ್ಲಿ, ರಾತ್ರಿ ಎಲ್ಲಿ ತಂಗುವುದು ಎಂಬ ಮೂರೇ ಸಾಲು ಸಾಕು. ಅಮ್ಮನಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಕೊಡುತ್ತೇನೆ, ದಿನಕ್ಕೊಂದು ಹಾಳೆ. ದಿನ ಮುಗಿದ ಮೇಲೆ ಆ ಹಾಳೆಯ ಹಿಂದೆ ಅವಳು ಖರ್ಚು ಬರೆದಿಡುತ್ತಾಳೆ. ಊರಿಗೆ ಬಂದ ಮೇಲೆ ಅದನ್ನು ನೋಡಿ ಶೀಟ್‌ನ ಎಂಟನೇ ಕಾಲಂ ತುಂಬುತ್ತೇನೆ.