ಅಂಗಡಿ ಪಿನ್ ಸರಿ ಮಾಡಾಕ ಮೂರು ದಾರಿ ನೋಡಿದ್ವಿ, ಯಾವುದು ನಿಂತಿತು ಅಂದ್ರೆ

ಬಳ್ಳಾರಿ ಕೌಲ್ ಬಜಾರ್‌ನಾಗೆ ನಮ್ಮ ಅಣ್ಣಂದು ಹೊಲಿಗೆ ಮಷಿನ್ ರಿಪೇರಿ ಅಂಗಡಿ ಐತೆ, ಜೀನ್ಸ್ ಹೊಲಿಯೋರೇ ಹೆಚ್ಚು ಗಿರಾಕಿ. ಗೂಗಲ್ ಮ್ಯಾಪ್‌ಗೆ ಸೇರಿಸೋವಾಗ ನಾವು ಅಡ್ರೆಸ್ ಟೈಪ್ ಮಾಡಿ ಬಿಟ್ವಿ, ಪಿನ್ ಎಲ್ಲಿ ಬಿದ್ದೈತೆ ಅಂತ ನೋಡ್ಲಿಲ್ಲ. ಅದು ರೈಲ್ವೆ ಗೇಟ್‌ನ ಆ ಕಡೆ ಹೋಗಿ ಕೂತಿತ್ತು. ಸಿರುಗುಪ್ಪದಿಂದ ಮಷಿನ್ ತಲೆ ಹೊತ್ಕೊಂಡು ಬಂದ ಒಬ್ರು ಅಲ್ಲಿ ಸುತ್ತಾಡಿ ಫೋನ್ ಮಾಡಿದಾಗ ನಮಗೆ ಗೊತ್ತಾಗಿದ್ದು.

ಅವತ್ತೇ ಮಾಡಿದ್ದು ಪ್ಲಸ್ ಕೋಡ್. ಅಂಗಡಿ ಮುಂದೆ ನಿಂತು ಮ್ಯಾಪ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಆ ಜಾಗದ್ದೇ ಸಣ್ಣ ಕೋಡ್ ಬರ್ತೈತೆ, ಅದು ತೋರಿಸೋ ಚೌಕ ಸುಮಾರು 14 ಮೀಟರ್ ಅಷ್ಟೇ, ಅಂದ್ರೆ ಎರಡ್ಮೂರು ಅಂಗಡಿ ಅಗಲ. ಅದನ್ನ ಬಿಲ್ ಬುಕ್ ಮೇಲೆ ಬರೆಸಿ ವಾಟ್ಸಾಪ್‌ನಾಗೂ ಕಳಿಸಿದ್ವಿ. ಹಳೇ ಗಿರಾಕಿಗೆ ಸಾಕು, ಆದ್ರೆ ಹೆಸರು ಹುಡುಕಿ ಬರೋ ಹೊಸಬರಿಗೆ ಹಳೇ ಪಿನ್ನೇ ಕಾಣ್ತಿತ್ತು.

ಎರಡನೇದು, ಯಾರು ಬೇಕಾದ್ರೂ ಮಾಡಬಹುದಾದ Suggest an edit. ಅಂಗಡಿ ಪೇಜ್ ತೆಗೆದು ಅದನ್ನ ಒತ್ತಿ, ಲೊಕೇಶನ್‌ಗೆ ಹೋಗಿ ಮ್ಯಾಪ್ ಜರುಗಿಸಿ ಕಳಿಸಬೇಕು. ನಾನು ನನ್ನ ಫೋನಿಂದ ಕಳಿಸಿದೆ. ಸುಲಭ ಐತೆ, ಆದ್ರೆ ಅದು ಬರೀ ಸಲಹೆ, ಪರಿಶೀಲನೆ ಆಗೋವರೆಗೂ ಕಾಯಬೇಕು, ಒಪ್ತಾರೆ ಅನ್ನೋ ಖಾತ್ರಿನೂ ಇಲ್ಲ. ಗೂಗಲ್‌ನಾಗಿನ ಅಂಗಡಿ ಪ್ರೊಫೈಲ್ ಕೈಯಾಗಿಲ್ಲದೋರಿಗೆ ಇದೇ ದಾರಿ.

ಕಾಯೋದು ಬಿಟ್ಟು ಮೂರನೇದಕ್ಕೆ ಹೋದ್ವಿ, ನನ್ನ ಪ್ರಕಾರ ಅಂಗಡಿಯೋರು ಮೊದಲು ಹಿಡಿಯಬೇಕಾದ್ದು ಇದನ್ನೇ. ಅಣ್ಣನ ಜಿಮೇಲ್‌ನಿಂದ ಲಾಗಿನ್ ಆಗಿ ಅಂಗಡಿ ಹೆಸರು ಹುಡುಕಿ, Edit profile ಒಳಗೆ ಲೊಕೇಶನ್‌ನಾಗೆ Adjust ಒತ್ತಿ ಪಿನ್ ಎಳೆದ್ವಿ. ಒಂದು ಮಾತು, ಪಿನ್ ಅಷ್ಟೇ ಎಳೀರಿ, ಅಡ್ರೆಸ್ ಅಕ್ಷರ ಸುಮ್ಮನೆ ತಿದ್ದಾಕ ಹೋಗಬ್ಯಾಡ್ರಿ, ಅಡ್ರೆಸ್ ಬದಲಾದ್ರೆ ಮತ್ತೆ ವೆರಿಫಿಕೇಶನ್ ಕೇಳಬಹುದು. ಕೇಳಿದ್ರೆ ರಸ್ತೆ, ಬೋರ್ಡು, ಒಳಗಿನ ಸಾಮಾನು, ಶಟರ್ ಬೀಗ ನೀವೇ ತೆಗೆಯೋದು ಎಲ್ಲಾ ಒಂದೇ ಸಲಕ್ಕೆ ಕಟ್ ಇಲ್ಲದ ವಿಡಿಯೋದಾಗ ತೋರಿಸಬೇಕಾಗಬಹುದು.

ಪಿನ್ ಜಾಗಕ್ಕೆ ಬಂತು, ಆದ್ರೂ ಒಂದು ತಪ್ಪಾತು. ಸ್ಯಾಟಲೈಟ್ ವ್ಯೂನಾಗೆ ನಾನು ಬಿಲ್ಡಿಂಗ್ ಮಾಳಿಗೆ ನಟ್ಟನಡುವೆ ಇಟ್ಟಿದ್ದೆ. ಮ್ಯಾಪ್ ಪಿನ್‌ಗೆ ಹತ್ತಿರ ಇರೋ ದಾರಿಗೆ ಕರ್ಕೊಂಡು ಹೋಗ್ತೈತೆ, ನಮ್ಮ ಹಿಂದಿನ ಸಂದಿ ಹತ್ತಿರ ಬಿತ್ತು, ಗಾಡಿಗಳು ಹಿಂದಿನ ಗೋಡೆಗೆ ಬಂದು ನಿಂತವು. ಪಿನ್ನ ಶಟರ್ ಮುಂದಿನ ಅಂಚಿಗೆ ಎಳೆದ ಮೇಲೆ ಸರಿ ಹೋತು. ಆಮೇಲೆ ಬೇರೆಯವರ ಫೋನಿಂದ, ಗೇಟ್ ಆಚೆಯಿಂದ ಒಂದ್ಸಲ, ಬಸ್ ಸ್ಟ್ಯಾಂಡ್ ಕಡೆಯಿಂದ ಒಂದ್ಸಲ ಡೈರೆಕ್ಷನ್ ಹಾಕಿ ಬೈಕ್ ಮೇಲೆ ಬಂದು ನೋಡಿದ್ವಿ, ಎರಡು ಸಲನೂ ಶಟರ್ ಮುಂದೆನೇ ನಿಲ್ಲಿಸ್ತು. ಬಿಲ್ ಮೇಲಿನ ಪ್ಲಸ್ ಕೋಡ್ ಮಾತ್ರ ಹಂಗೇ ಬಿಟ್ಟೀವಿ.