ಆಕ್ಸಿಮೀಟರ್ 98 ತೋರಿಸಿತು, ಡೈವ್ ಕಂಪ್ಯೂಟರ್ ಹಸಿರು ತೋರಿಸಿತು, ನನಗೆ ಬೆಂಡ್ಸ್ ಆಗಿತ್ತು

ಬಾಡಿಗೆ ಸಾಮಾನು ತೆಗೆದುಕೊಂಡು ಸ್ಕೂಬಾ ಡೈವಿಂಗ್‌ಗೆ ಹೋಗುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಇದೆ. ಕೋಪದಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿರಬಹುದು. ಇದೆಲ್ಲ ಆಗಿ ತಿಂಗಳುಗಳೇ ಕಳೆದರೂ ಎಡಪಾದದ ಹೊರಬದಿಯಲ್ಲಿ ಇನ್ನೂ ಜೋಮು ಹಿಡಿದ ಹಾಗೆ ಇದೆ. ಬೆಂಡ್ಸ್ ಅಂದರೆ, ಆಳದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಮೇಲೆ ಬರುವಾಗ ಗುಳ್ಳೆಗಳಾಗಿ ಆಗುವ ತೊಂದರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಸಬಳಲ್ಲ. ಸರ್ಟಿಫಿಕೇಟ್ ಇದೆ, ಮೂವತ್ತಕ್ಕಿಂತ ಜಾಸ್ತಿ ಡೈವ್ ಮಾಡಿದ್ದೇನೆ. ನಿಯಮ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆ. ಅದಕ್ಕೇ ಇಷ್ಟು ನಾಚಿಕೆ.

ಅವತ್ತು ಎರಡು ಡೈವ್. ಮೊದಲನೆಯದು 27 ಮೀಟರ್ ಆಳ, ತಳದಲ್ಲಿ ಸುಮಾರು 20 ನಿಮಿಷ. ಅದು ಸರಿಯಾಗಿಯೇ ಆಯಿತು. ದೋಣಿಯಲ್ಲಿ 45 ನಿಮಿಷ ಕೂತಿದ್ದೆವು. ಎರಡನೆಯದಕ್ಕೆ ಇಳಿಯುವ ಮುಂಚೆ ಗೈಡ್ ಬಂದು ನನ್ನ ಕೈಯಿಂದ ಕಂಪ್ಯೂಟರ್ ಬಿಚ್ಚಿಕೊಂಡ. "ಮೇಡಂ, ಇದರ ಬ್ಯಾಟರಿ ಕಡಿಮೆ ಇದೆ, ಇದನ್ನು ಹಾಕಿಕೊಳ್ಳಿ, ಎಲ್ಲ ಒಂದೇ ಮಾಡೆಲ್" ಅಂದ. ನಾನು ಹಾಕಿಕೊಂಡೆ.

ಇಲ್ಲಿಯೇ ಮೋಸ ಹೋದದ್ದು. ಡೈವ್ ಕಂಪ್ಯೂಟರ್ ನಮ್ಮ ಮೈಯೊಳಗಿನ ನೈಟ್ರೋಜನ್ ಅಳೆಯುವುದಿಲ್ಲ. ಅದರಲ್ಲಿ ಇರುವುದು ಒಂದು ಒತ್ತಡದ ಸೆನ್ಸರ್, ಒಂದು ಗಡಿಯಾರ, ಒಂದು ಲೆಕ್ಕ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇತ್ತು ಎಂದು ನೋಡಿ, ಅದನ್ನು ಕಟ್ಟಿಕೊಂಡವರ ಮೈಯಲ್ಲಿ ಇಷ್ಟು ನೈಟ್ರೋಜನ್ ಇರಬೇಕು ಎಂದು ಊಹಿಸುತ್ತದೆ, ಅಷ್ಟೆ. ಹೊಸದಾಗಿ ಕೊಟ್ಟ ಕಂಪ್ಯೂಟರ್ ಅವತ್ತು ನೀರನ್ನೇ ನೋಡಿರಲಿಲ್ಲ. ಅದರ ಪ್ರಕಾರ ನಾನೂ ನೋಡಿರಲಿಲ್ಲ.

ಆದರೆ ನನ್ನ ಮೈಗೆ ಗೊತ್ತಿತ್ತು. ನೀರಿನ ಮೇಲೆ ಒತ್ತಡ 1 ವಾತಾವರಣ. ಕೆಳಗೆ ಪ್ರತಿ 10 ಮೀಟರ್‌ಗೆ ಇನ್ನೊಂದು ಸೇರುತ್ತದೆ. 27 ಮೀಟರ್‌ನಲ್ಲಿ ಅದು 3.7. ಟ್ಯಾಂಕಿನ ಗಾಳಿ ಅದೇ ಒತ್ತಡದಲ್ಲಿ ಶ್ವಾಸಕೋಶಕ್ಕೆ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್. ಒತ್ತಡ ಜಾಸ್ತಿಯಾದಷ್ಟೂ ಅದು ರಕ್ತದಲ್ಲಿ ಜಾಸ್ತಿ ಕರಗುತ್ತದೆ. ರಕ್ತ ಅದನ್ನು ಹೊತ್ತುಕೊಂಡು ಹೋಗಿ ಮೆದುಳು, ಸ್ನಾಯು, ಕೊಬ್ಬು, ಕೀಲುಗಳಿಗೆಲ್ಲ ಹಂಚುತ್ತದೆ. ಮೈ ಅದನ್ನು ಯಾವುದಕ್ಕೂ ಬಳಸುವುದಿಲ್ಲ, ಸುಮ್ನೆ ಕೂತಿರುತ್ತದೆ. ಹೊರಗೆ ಹೋಗಬೇಕಾದರೂ ಅದೇ ದಾರಿ: ಅಂಗಾಂಶದಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಉಸಿರಿಗೆ. ರಕ್ತ ಚೆನ್ನಾಗಿ ಹರಿಯುವ ಜಾಗಗಳು ನಿಮಿಷಗಳಲ್ಲಿ ಖಾಲಿಯಾಗುತ್ತವೆ. ರಕ್ತ ಕಡಿಮೆ ಹರಿಯುವ ಜಾಗಗಳಿಗೆ ಗಂಟೆಗಟ್ಟಲೆ ಬೇಕು. 45 ನಿಮಿಷದಲ್ಲಿ ಬೆಳಗಿನ ಸರಕು ಪೂರ್ತಿ ಖಾಲಿಯಾಗಿರಲಿಲ್ಲ. ಅದರ ಮೇಲೆ ಎರಡನೇ ಡೈವ್: 20 ಮೀಟರ್, 40 ನಿಮಿಷ. ಪರದೆಯಲ್ಲಿ NDL, ಅಂದರೆ ನಿಲ್ಲದೆ ಮೇಲೆ ಬರಬಹುದಾದ ಸಮಯ, ಇನ್ನೂ ಬಾಕಿ ಇದೆ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತಲೇ ಇತ್ತು. ನಾನು ಅದನ್ನು ನಂಬಿದೆ.

ಆಮೇಲೆ ಮೇಲೆ ಬಂದ ರೀತಿ. ಗುಂಪಿನಲ್ಲಿ ಒಬ್ಬರ ಗಾಳಿ ಕಡಿಮೆಯಾಯಿತು. ಗೈಡ್ ಎಲ್ಲರಿಗೂ ಹೆಬ್ಬೆರಳು ಮೇಲೆ ಮಾಡಿ ತೋರಿಸಿ, ನನ್ನ ಜಾಕೆಟ್ ಪಟ್ಟಿ ಹಿಡಿದು ಎಳೆದುಕೊಂಡು ಹೊರಟ. ಕಂಪ್ಯೂಟರ್ ಕೀ ಕೀ ಅಂತ ಕೂಗುತ್ತಿತ್ತು, ಪರದೆಯಲ್ಲಿ SLOW ಅಂತ ಬರುತ್ತಿತ್ತು. ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬಾರದು, ಅಂದರೆ 20 ಮೀಟರ್‌ಗೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕು. ಅದರ ಜೊತೆಗೆ 5 ಮೀಟರ್‌ನಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್. ನಾವು 50 ಸೆಕೆಂಡಿನಲ್ಲಿ ಮೇಲಿದ್ದೆವು. ಇದು ನನ್ನ ಅಂದಾಜಲ್ಲ, ಲಾಗ್‌ನಲ್ಲಿ ಇದೆ. 5 ಮೀಟರ್ ಹತ್ತಿರ ನಾನು ಕೈ ಅಡ್ಡ ಹಿಡಿದು ನಿಲ್ಲೋಣ ಎಂದು ತೋರಿಸಿದೆ. ಅವನು ಬೇಡ ಎಂದು ಕೈ ಆಡಿಸಿದ.

ದೋಣಿ ಹತ್ತಿದ ಮೇಲೆ ಕೇಳಿದೆ. "ಹಸಿರು ಇತ್ತಲ್ಲ ಮೇಡಂ? ಹಸಿರು ಇದ್ದರೆ ಸ್ಟಾಪ್ ಕಡ್ಡಾಯ ಅಲ್ಲ." ಆ ಮಾತು ಪುಸ್ತಕದ ಪ್ರಕಾರ ತಪ್ಪಲ್ಲ, ಅದೇ ನನ್ನನ್ನು ಸುಮ್ಮನಾಗಿಸಿದ್ದು. ಆದರೆ ಆ ಹಸಿರೇ ಸುಳ್ಳು ಅಲ್ವಾ? ಬೆಳಗಿನ ಡೈವ್ ಸೇರಿಸದ ಹಸಿರು ಅದು.

ಇನ್ನೊಂದು ಕೆಲಸ ಮಾಡಿಸಿದರು. ನೀರಲ್ಲಿದ್ದ ಖಾಲಿ ಟ್ಯಾಂಕ್‌ಗಳನ್ನು ದೋಣಿಗೆ ಎಳೆದುಕೊಳ್ಳಲು "ಒಂದು ಕೈ ಹಾಕಿ" ಅಂದರು. ಉಸಿರು ಬಿಗಿಹಿಡಿದು ಎರಡು ಟ್ಯಾಂಕ್ ಎಳೆದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇಪ್ಪತ್ತು ನಿಮಿಷಕ್ಕೆ ಹೊಟ್ಟೆಯ ಮೇಲೆ ತುರಿಕೆ ಶುರುವಾಯಿತು. ನೋಡಿದರೆ ಅಮೃತಶಿಲೆಯ ಗೆರೆಗಳ ಹಾಗೆ ನೇರಳೆ, ಕೆಂಪು ಬಣ್ಣದ ಮಚ್ಚೆ. ಬಲಭುಜದೊಳಗೆ ನೋವು, ಆದರೆ ಒತ್ತಿದರೆ ಜಾಸ್ತಿಯಾಗುವ ನೋವಲ್ಲ, ಎಲ್ಲಿ ಅಂತ ಬೆರಳಿಟ್ಟು ತೋರಿಸಲೂ ಆಗದ ನೋವು. ಆಮೇಲೆ ಎಡಪಾದ ಮರಗಟ್ಟಿತು. "ನನಗೆ ಬೆಂಡ್ಸ್ ಆಗಿದೆ, ಆಕ್ಸಿಜನ್ ಕೊಡಿ" ಎಂದು ನಾನೇ ಬಾಯಿಬಿಟ್ಟು ಕೇಳಿದೆ. ದೋಣಿಯಲ್ಲಿ ಸಿಲಿಂಡರ್ ಇತ್ತು, ನನ್ನ ಕಣ್ಣೆದುರೇ ಇತ್ತು.

ಗೈಡ್ ಪೆಟ್ಟಿಗೆಯಿಂದ ಆಕ್ಸಿಮೀಟರ್ ತೆಗೆದು ನನ್ನ ಬೆರಳಿಗೆ ಸಿಕ್ಕಿಸಿದ. 98 ಬಂತು. ಅದನ್ನು ಎಲ್ಲರಿಗೂ ತೋರಿಸಿದ. "ನೋಡಿ, 98 ಇದೆ. ನಿಮಗೆ ಆಕ್ಸಿಜನ್ ಕೊರತೆ ಇಲ್ಲ. ಸಿಲಿಂಡರ್ ಎಮರ್ಜೆನ್ಸಿಗೆ ಮಾತ್ರ. ಜೋರಾಗಿ ಉಸಿರಾಡಿ, ಶ್ವಾಸಕೋಶ ನೈಟ್ರೋಜನ್ ಎಲ್ಲ ಹೊರಗೆ ಹಾಕುತ್ತೆ." ಉಳಿದವರು ತಲೆ ಆಡಿಸಿದರು. ನನಗೂ ಒಂದು ಕ್ಷಣ ಸುಮ್ನೆ ಹೆದರಿಕೊಂಡೆನೇನೋ ಅನ್ನಿಸಿತು. ಆ ಕ್ಷಣ ನೆನೆದರೆ ಈಗಲೂ ಮೈ ಉರಿಯುತ್ತದೆ. ಒಂದೂವರೆ ಗಂಟೆ ಹಾಗೇ ಕೂತಿದ್ದೆ, ಜೋರಾಗಿ ಉಸಿರಾಡುತ್ತಾ.

ಈಗ ಗೊತ್ತಿರುವುದನ್ನು ಹೇಳುತ್ತೇನೆ. ಬೆಂಡ್ಸ್ ಆದವರಿಗೆ ಆಕ್ಸಿಜನ್ ಕೊಡುವುದು ಕೊರತೆ ತುಂಬಲು ಮಾತ್ರ ಅಲ್ಲ, ಮುಖ್ಯವಾಗಿ ನೈಟ್ರೋಜನ್ ಹೊರಗೆ ಎಳೆಯಲು. ನೈಟ್ರೋಜನ್ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಮಾಮೂಲಿ ಗಾಳಿ ಎಷ್ಟೇ ಜೋರಾಗಿ ಉಸಿರಾಡಿದರೂ ಶ್ವಾಸಕೋಶದಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೈಟ್ರೋಜನ್ನೇ ಇರುತ್ತದೆ, ಒಳಗಿನದು ನಿಧಾನಕ್ಕೆ ಬರುತ್ತದೆ. ಶುದ್ಧ ಆಕ್ಸಿಜನ್ ಉಸಿರಾಡಿದರೆ ಅಲ್ಲಿ ನೈಟ್ರೋಜನ್ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ರಕ್ತದಲ್ಲಿರುವುದು, ಗುಳ್ಳೆಯಲ್ಲಿರುವುದು ಬೇಗ ಹೊರಬರುತ್ತದೆ. ಜೋರಾಗಿ ಉಸಿರಾಡಿದ ಮಾತ್ರಕ್ಕೆ ಕೀಲಿನೊಳಗಿನ ಗ್ಯಾಸ್ ಶ್ವಾಸಕೋಶಕ್ಕೆ ಬೇಗ ಬರುವುದಿಲ್ಲ, ಅದನ್ನು ತರಬೇಕಾದದ್ದು ರಕ್ತ. ಇನ್ನು ಆಕ್ಸಿಮೀಟರ್‌ಗೆ ನೈಟ್ರೋಜನ್ ಕಾಣಿಸುವುದೇ ಇಲ್ಲ, ಗುಳ್ಳೆಯೂ ಕಾಣಿಸುವುದಿಲ್ಲ. 98 ಬಂದರೆ ಬೆಂಡ್ಸ್ ಇಲ್ಲ ಎಂದಲ್ಲ. ಮತ್ತೆ ಹೇಳುತ್ತೇನೆ, 98 ಬಂದರೆ ಬೆಂಡ್ಸ್ ಇಲ್ಲ ಎಂದಲ್ಲ.

ದಡಕ್ಕೆ ಬಂದ ಮೇಲೆ ಅವರ ಉತ್ತರಗಳು ಹೀಗಿದ್ದವು. ಮಚ್ಚೆಗೆ: "ವೆಟ್‌ಸೂಟ್ ಬಿಗಿ ಆಗಿತ್ತು." ಭುಜಕ್ಕೆ: "ಟ್ಯಾಂಕ್ ಎಳೆದಿರಲ್ಲ, ಉಳುಕಿದೆ." ಪಾದಕ್ಕೆ: "ಒಂದೇ ಭಂಗಿಯಲ್ಲಿ ಕೂತಿದ್ದಿರಿ." ಎಲ್ಲದಕ್ಕೂ ಸೇರಿಸಿ: "ಬೇರೆ ಯಾರಿಗೂ ಏನೂ ಆಗಿಲ್ಲ, ನಿಮಗೆ ಮಾತ್ರ ಹೇಗೆ?" ಒಬ್ಬನಂತೂ 5 ಮೀಟರ್‌ಗೆ ಇನ್ನೊಂದು ಸಲ ಇಳಿದು ಬನ್ನಿ, ಸರಿಹೋಗುತ್ತೆ ಎಂದ. ಮರಗಟ್ಟಿದ ಕಾಲಿಟ್ಟುಕೊಂಡು ನೀರಿಗೆ! ಅದಕ್ಕೆ ಒಪ್ಪದಿದ್ದದ್ದು ಅವತ್ತು ನಾನು ಮಾಡಿದ ಎರಡು ಸರಿ ಕೆಲಸಗಳಲ್ಲಿ ಒಂದು. ಇನ್ನೊಂದು, ಕಂಪ್ಯೂಟರ್ ವಾಪಸ್ ಕೊಡುವ ಮುಂಚೆ ಅದರ ಲಾಗ್ ಫೋಟೋ ತೆಗೆದದ್ದು.

ಒಳಗೆ ಕೂರಿಸಿ ಗಾಳಿಯ ಒತ್ತಡ ಏರಿಸುವ ಚೇಂಬರ್ ಇರುವ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ವೈದ್ಯರು ಫೋಟೋ ನೋಡಿ, "ಎರಡು ಡೈವ್ ಅಂದಿರಲ್ಲ? ಇದರಲ್ಲಿ DIVE 1 ಅಂತ ಇದೆ" ಅಂದರು. ಆಗಲೇ ನನಗೆ ಕಂಪ್ಯೂಟರ್ ಬದಲಾಯಿಸಿದ್ದರ ಅರ್ಥ ಪೂರ್ತಿ ಹೊಳೆದದ್ದು. ಒಳಗೆ 18 ಮೀಟರ್ ಆಳಕ್ಕೆ ಸಮನಾದ ಒತ್ತಡ ಕೊಟ್ಟು, ಮಾಸ್ಕ್‌ನಲ್ಲಿ ಆಕ್ಸಿಜನ್, ನಡುನಡುವೆ ಸ್ವಲ್ಪ ಹೊತ್ತು ಮಾಮೂಲಿ ಗಾಳಿ, ಆಮೇಲೆ 9 ಮೀಟರ್‌ಗೆ ಇಳಿಸಿ ಮತ್ತೆ ಅದೇ. ಹತ್ತಿರಹತ್ತಿರ ಐದು ಗಂಟೆ. ಒತ್ತಡ ಗುಳ್ಳೆಯನ್ನು ಕುಗ್ಗಿಸುತ್ತದೆ, ಆಕ್ಸಿಜನ್ ಅದರೊಳಗಿನ ನೈಟ್ರೋಜನ್ ಎಳೆಯುತ್ತದೆ. ಭುಜದ ನೋವು ಒಳಗಿದ್ದಾಗಲೇ ಹೋಯಿತು. ಪಾದ ಪೂರ್ತಿ ಸರಿಯಾಗಲಿಲ್ಲ. ಮರುದಿನ ಇನ್ನೊಂದು ಸಲ ಹಾಕಿದರು.

ಗೈಡ್ ಮೊದಲ ದಿನ ಸೋಡಾ ಬಾಟಲಿಯ ಉದಾಹರಣೆ ಕೊಟ್ಟಿದ್ದ, ಮುಚ್ಚಳ ತೆಗೆದರೆ ಗುಳ್ಳೆ ಬರುತ್ತಲ್ಲ ಹಾಗೆ ಎಂದು. ಆದರೆ ಬಾಟಲಿಗೆ ಶ್ವಾಸಕೋಶ ಇಲ್ಲ. ಸರಿಯಾಗಿ ಮೇಲೆ ಬಂದ ಡೈವ್ ಆದಮೇಲೂ ಎಷ್ಟೋ ಜನರ ಅಭಿಧಮನಿಗಳಲ್ಲಿ ಸಣ್ಣ ಗುಳ್ಳೆಗಳು ಇರುತ್ತವಂತೆ, ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದೆ. ಅವು ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶದ ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಜರಡಿಯಲ್ಲಿ ಸಿಕ್ಕ ಹಾಗೆ ಸಿಕ್ಕಿಕೊಳ್ಳುತ್ತವೆ. ಪಕ್ಕದಲ್ಲೇ ಗಾಳಿಯ ಚೀಲ. ಗುಳ್ಳೆಯ ಗ್ಯಾಸ್ ಅದರೊಳಗೆ ಸೋರಿ ಉಸಿರಲ್ಲಿ ಹೋಗಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಈ ಜರಡಿಗೂ ಒಂದು ಮಿತಿ ಇದೆ. ಜೋರಾಗಿ ಏರಿದರೆ ಒಮ್ಮೆಲೇ ಗುಳ್ಳೆ ಜಾಸ್ತಿ ಬರುತ್ತದೆ. ಅದರಲ್ಲೂ ಕೊನೆಯ 10 ಮೀಟರ್‌ನಲ್ಲಿ ಒತ್ತಡ 2 ರಿಂದ 1ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. 5 ಮೀಟರ್‌ನಲ್ಲಿ ನಿಲ್ಲುವುದು ಶ್ವಾಸಕೋಶಕ್ಕೆ ಆ ಸಮಯ ಕೊಡಲು.

ಜರಡಿಯನ್ನು ತಪ್ಪಿಸಿಕೊಂಡು ಹೋಗುವ ಕಳ್ಳದಾರಿಯೂ ಇದೆ. ಹೊಟ್ಟೆಯಲ್ಲಿರುವ ಮಗುವಿಗೆ ಶ್ವಾಸಕೋಶದ ಕೆಲಸ ಇಲ್ಲ, ಹಾಗಾಗಿ ಹೃದಯದ ಎರಡು ಮೇಲಿನ ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ, ಬಾಗಿಲ ರೆಕ್ಕೆ ಹಾಗೆ ಒರಗಿಕೊಂಡಿರುತ್ತದೆ. ಉಸಿರು ಬಿಗಿಹಿಡಿದು ಭಾರ ಎತ್ತಿ ಬಿಟ್ಟಾಗ ಅದು ತೆರೆಯಬಹುದು, ಆಗ ಗುಳ್ಳೆಗಳು ಶ್ವಾಸಕೋಶಕ್ಕೆ ಹೋಗದೆ ನೇರ ಎಡಭಾಗಕ್ಕೆ ದಾಟಿ ಮೆದುಳು, ಬೆನ್ನುಹುರಿ, ಚರ್ಮದ ಕಡೆ ಹೋಗುತ್ತವೆ. ಆಮೇಲೆ ನನಗೆ ಎಕೋ ಮಾಡಿಸಿದರು. ಕೈನರಕ್ಕೆ ಸಣ್ಣ ಗುಳ್ಳೆ ಬೆರೆಸಿದ ಸಲೈನ್ ಕೊಟ್ಟು, ಮುಕ್ಕಿರಿದು ಬಿಡಿ ಅಂದರು. ಬಿಟ್ಟ ತಕ್ಷಣ ಪರದೆಯ ಎಡಭಾಗದಲ್ಲಿ ಬಿಳಿ ಚುಕ್ಕೆಗಳು ಕಂಡವು. ನನಗೆ ತಕ್ಷಣ ನೆನಪಾದದ್ದು ಆ ಎರಡು ಟ್ಯಾಂಕ್. ಇದೇ ಕಾರಣ ಎಂದು ಖಡಾಖಂಡಿತವಾಗಿ ಹೇಳಲಾಗದು, ಆದರೆ ಅಂಥ ಮಚ್ಚೆ ಬಂದವರಲ್ಲಿ ಈ ಕಿಂಡಿ ಜಾಸ್ತಿ ಸಿಗುತ್ತದೆ ಎಂದರು ವೈದ್ಯರು.

ನಾನು ಹೇಳುವುದು ಇಷ್ಟೆ. ದಿನದ ಮಧ್ಯೆ ನಿಮ್ಮ ಕಂಪ್ಯೂಟರ್ ಯಾರಿಗೂ ಬಿಚ್ಚಿಕೊಡಬೇಡಿ, ಬ್ಯಾಟರಿ ಹೋದರೆ ಎರಡನೇ ಡೈವ್ ಬಿಡಿ. ಮೇಲೆ ಬಂದ ಮೇಲೆ ಯಾರ ಟ್ಯಾಂಕೂ ಎಳೆಯಬೇಡಿ. ಮಚ್ಚೆ, ಜೋಮು, ಕೀಲುನೋವು ಯಾವುದು ಬಂದರೂ ಆಕ್ಸಿಜನ್ ಮಾಸ್ಕ್ ಜಗಳ ಮಾಡಿಯಾದರೂ ಹಾಕಿಸಿಕೊಳ್ಳಿ, ನೋವು ಕಡಿಮೆಯಾದರೂ ಚೇಂಬರ್ ಇರುವ ಕಡೆ ಹೋಗಿ.

ಎಕೋ ರಿಪೋರ್ಟ್ ಡೈವಿಂಗ್‌ನವರಿಗೆ ಕಳಿಸಿದೆ. ಉತ್ತರ ಬಂತು: "ನಿಮ್ಮ ಹೃದಯದಲ್ಲೇ ದೋಷ ಇತ್ತು, ನೀವು ಫಾರ್ಮ್‌ಗೆ ಸಹಿ ಹಾಕಿದ್ದೀರಿ, ನಮ್ಮದೇನೂ ಇಲ್ಲ." ನಾಲ್ವರಲ್ಲಿ ಒಬ್ಬರಿಗೆ ಇರುವ ಕಿಂಡಿ, ಅವತ್ತು ದೋಣಿಯಲ್ಲಿ ಎಂಟು ಜನ ಇದ್ದೆವು. ಮೊದಲ ಡೈವ್‌ನ ಕಂಪ್ಯೂಟರ್ ಲಾಗ್ ಕೊಡಿ ಎಂದು ಮೂರು ಸಲ ಕೇಳಿದೆ. ಅದು ಈಗ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ ಎನ್ನುತ್ತಿದ್ದಾರೆ.